ಹತ್ತು ವರ್ಷದ ರಿಟರ್ನ್ ಪಟ್ಟಿಯಲ್ಲಿ ಮುಚ್ಚಿಹೋದ ಫಂಡ್‌ಗಳು ಎಲ್ಲಿ?

ನಾಪೋಕ್ಲು ತೋಟ

ಎಲ್ಲರಿಗೂ ನಮಸ್ಕಾರ. ಈ ಸಲ ರೋಬಸ್ಟಾ ಚೆರಿ ಮಾರಿದ ದುಡ್ಡಲ್ಲಿ ಸಾಲ ತೀರಿಸಿ ಸ್ವಲ್ಪ ಉಳಿದಿದೆ. ಬ್ಯಾಂಕಿಗೆ ಹೋದಾಗ ಒಂದು ಪಟ್ಟಿ ಕೊಟ್ಟರು. ಎಲ್ಲಾ ಲಾರ್ಜ್ ಕ್ಯಾಪ್ ಫಂಡ್‌ಗಳು, ಮುಂದೆ ಒಂದು, ಮೂರು, ಐದು, ಹತ್ತು ವರ್ಷದ ರಿಟರ್ನ್. ಕೆಳಗಡೆ ಇಂಡೆಕ್ಸಿನ ಸಾಲು. ಹತ್ತು ವರ್ಷದ ಕಾಲಂ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಫಂಡ್‌ಗಳು ಇಂಡೆಕ್ಸಿಗಿಂತ ಮೇಲಿವೆ. "ಇವುಗಳಲ್ಲಿ ಯಾವುದು ಹಿಡಿದರೂ ಗೆಲ್ಲೋ ಚಾನ್ಸೇ ಜಾಸ್ತಿ ಸರ್" ಅಂದರು.

ಮನೆಗೆ ಬಂದ ಮೇಲೆ ಅಟ್ಟದಲ್ಲಿದ್ದ 2014ರ ಒಂದು ಹಣಕಾಸು ಪತ್ರಿಕೆ ಸಿಕ್ಕಿತು. ಅದರ ಹಿಂದಿನ ಪುಟಗಳಲ್ಲೂ ಇಂಥದೇ ಪಟ್ಟಿ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಹಳೇ ಪಟ್ಟಿಯ ಎಷ್ಟೋ ಹೆಸರುಗಳು ಹೊಸದರಲ್ಲಿ ಇಲ್ಲವೇ ಇಲ್ಲ. ಅವು ಏನಾದವು? ಇವತ್ತಿನ ಹತ್ತು ವರ್ಷದ ಕಾಲಂನಲ್ಲಿ ಅವುಗಳ ಲೆಕ್ಕ ಸೇರಿದೆಯಾ? ಗೊತ್ತಿದ್ದವರು ಹೇಳಿ.

ವಿರಾಜಪೇಟೆ ಹುಡುಗ

ಅಣ್ಣ, ತಲೆ ಕೆಡಿಸ್ಕೋಬೇಡಿ. 2017ರ ಅಕ್ಟೋಬರ್‌ನಲ್ಲಿ ಸೆಬಿ ಹೊಸ ನಿಯಮ ತಂದಿತ್ತು. ಒಂದು ವರ್ಗದಲ್ಲಿ ಒಂದು ಕಂಪನಿಗೆ ಒಂದೇ ಫಂಡ್ ಅಂತ. 2018ರಲ್ಲಿ ಎಲ್ಲರೂ ಹೆಸರು ಬದಲಾಯಿಸಿದರು. ಯಾವ ಫಂಡೂ ಸತ್ತಿಲ್ಲ, ಬೋರ್ಡ್ ಮಾತ್ರ ಬದಲಾಗಿದೆ. ನಿಮ್ಮ ಪಟ್ಟಿಯಲ್ಲೇ ಬೇರೆ ಹೆಸರಲ್ಲಿ ಇರುತ್ತವೆ.

ಮಡಿಕೇರಿ ಲೆಕ್ಕದಕ್ಕ

ನಾನು ಬಹಳ ವರ್ಷ ಮ್ಯೂಚುವಲ್ ಫಂಡ್‌ಗಳ ದಾಖಲೆ ನೋಡಿಕೊಳ್ಳುವ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಗೆ ನಿಧಾನವಾಗಿಯೇ ಉತ್ತರ ಕೊಡಬೇಕು.

ವಿರಾಜಪೇಟೆ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಹೆಸರು ಮಾತ್ರ ಬದಲಾದವು ಬೇಕಾದಷ್ಟಿವೆ. ಕಂಪನಿಯೇ ಕೈ ಬದಲಾದ ಉದಾಹರಣೆಗಳೂ ಇವೆ. ಫಿಡೆಲಿಟಿಯವರ ಇಲ್ಲಿನ ಫಂಡ್ ವ್ಯವಹಾರ 2012ರಲ್ಲಿ ಎಲ್ ಅಂಡ್ ಟಿಗೆ ಹೋಯಿತು. ಅದು 2022ರಲ್ಲಿ ಎಚ್‌ಎಸ್‌ಬಿಸಿಗೆ ಹೋಯಿತು. ಹಾಗೆ ಹೆಸರು ಬದಲಾಯಿಸಿಕೊಂಡು ಮುಂದುವರಿದ ಫಂಡನ್ನು ಸತ್ತದ್ದು ಅಂತ ಎಣಿಸಬಾರದು.

ಆದರೆ ಒಂದು ಕಂಪನಿಗೆ ಒಂದೇ ಫಂಡ್ ಅಂದಾಗ, ಅದೇ ವರ್ಗದಲ್ಲಿ ಎರಡು ಮೂರು ಇಟ್ಟುಕೊಂಡಿದ್ದವರು ಏನು ಮಾಡಬೇಕು? ಒಂದನ್ನು ಬೇರೆ ವರ್ಗಕ್ಕೆ ತಳ್ಳಬೇಕು, ಇಲ್ಲವೇ ಇನ್ನೊಂದರ ಜೊತೆ ವಿಲೀನ ಮಾಡಬೇಕು. ವಿಲೀನ ಆದ ಫಂಡಿನ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಆ ದಿನಕ್ಕೆ ನಿಂತುಹೋಗುತ್ತದೆ. ಮಾರನೇ ದಿನದಿಂದ ಅದಕ್ಕೆ ರಿಟರ್ನ್ ಅನ್ನೋದೇ ಇಲ್ಲ. ರಿಟರ್ನ್ ಇಲ್ಲದ್ದು ಪಟ್ಟಿಯಲ್ಲಿ ಕೂರುವುದಿಲ್ಲ. ಯಾರೂ ಬೇಕಂತ ಅಳಿಸುವುದಿಲ್ಲ. ಇವತ್ತು ಇರುವ ಫಂಡ್‌ಗಳನ್ನು ಆರಿಸಿ ಹಿಂದಕ್ಕೆ ಹತ್ತು ವರ್ಷ ಎಣಿಸಿದರೆ ತಾನಾಗಿಯೇ ಹೀಗೆ ಆಗುತ್ತದೆ.

ಇನ್ನು ವಿಲೀನಕ್ಕೆ ಯಾವುದನ್ನು ಕಳಿಸುತ್ತಾರೆ? ಚೆನ್ನಾಗಿ ಓಡುತ್ತಿರುವ ಫಂಡನ್ನು ಯಾವ ಕಂಪನಿಯೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಿಂದೆ ಬಿದ್ದದ್ದು, ಜನ ಹಣ ವಾಪಸ್ ತೆಗೆದು ಚಿಕ್ಕದಾದದ್ದು, ಅಂಥವೇ ಸಾಮಾನ್ಯವಾಗಿ ಹೋಗುತ್ತವೆ. ಹಾಗಾಗಿ ಉಳಿದವುಗಳ ಸರಾಸರಿ ಮೇಲಕ್ಕೆ ಹೋಗಲೇಬೇಕು.

ನಾಪೋಕ್ಲು ತೋಟ

ಇದು ನಮ್ಮ ಕಾಳುಮೆಣಸಿನ ಲೆಕ್ಕದ ಹಾಗೇ ಆಯ್ತಲ್ಲ ಅಕ್ಕ. ಸೊರಗು ರೋಗಕ್ಕೆ ಹೋದ ಬಳ್ಳಿ ಬಿಟ್ಟು, ನಿಂತಿರುವ ಬಳ್ಳಿ ಮಾತ್ರ ಎಣಿಸಿ "ಬಳ್ಳಿಗೆ ಇಷ್ಟು ಕೆಜಿ" ಅಂತ ಹೇಳಿದರೆ ಕೇಳೋಕೆ ಚೆಂದ. ಆದರೆ ನೆಟ್ಟಿದ್ದು ಎಷ್ಟು ಅಂತ ಕೇಳಬೇಕು.

ಮಡಿಕೇರಿ ಲೆಕ್ಕದಕ್ಕ

ಅದೇ ಪ್ರಶ್ನೆ. ಶುರುವಿನಲ್ಲಿ ಎಷ್ಟಿದ್ದವು? ಬ್ಯಾಂಕಿನವರ ಪಟ್ಟಿಯಲ್ಲಿ ಇಲ್ಲದ ಅಂಕಿ ಅದೊಂದೇ.

ಒಂದು ಲೆಕ್ಕ ಹಾಕೋಣ. ಈ ಅಂಕಿಗಳು ನಾನೇ ಇಟ್ಟುಕೊಂಡದ್ದು, ಯಾವ ನಿಜವಾದ ಫಂಡಿನದೂ ಅಲ್ಲ. ಹತ್ತು ವರ್ಷದ ಹಿಂದೆ ಒಂದು ವರ್ಗದಲ್ಲಿ 10 ಫಂಡ್ ಇದ್ದವು. ಪ್ರತಿಯೊಂದಕ್ಕೂ 10,000 ರೂಪಾಯಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಏಳು ಇವತ್ತಿಗೂ ಇವೆ. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಮ್ಮಿ, ಸರಾಸರಿ ನೋಡಿದರೆ 10,000 ಇದ್ದದ್ದು 31,000 ಆಗಿದೆ. ಅಂದರೆ ವರ್ಷಕ್ಕೆ ಸುಮಾರು 12%. ಇಂಡೆಕ್ಸ್ 11.7% ಕೊಟ್ಟಿದೆ, ಅಲ್ಲಿ 10,000 ಹಾಕಿದ್ದರೆ 30,200 ಆಗುತ್ತಿತ್ತು. ಏಳರಲ್ಲಿ ನಾಲ್ಕು ಇಂಡೆಕ್ಸನ್ನು ದಾಟಿವೆ. ಪಟ್ಟಿ ಹೇಳುವುದು ಇಷ್ಟು: ಸರಾಸರಿ ಫಂಡ್ ಗೆದ್ದಿದೆ, 57% ಫಂಡ್‌ಗಳು ಗೆದ್ದಿವೆ.

ಉಳಿದ ಮೂರು? ಮೊದಲ ನಾಲ್ಕು ವರ್ಷ ವರ್ಷಕ್ಕೆ 5% ಮಾತ್ರ ದುಡಿದವು, ಆಮೇಲೆ ವಿಲೀನ ಆದವು. ನಿಮ್ಮ 10,000 ಆಗ 12,150ರ ಹತ್ತಿರ ಇತ್ತು. ಆ ದುಡ್ಡು ಹೊಸ ಮನೆಗೆ ಹೋಗಿ ಉಳಿದ ಆರು ವರ್ಷ 12% ದುಡಿಯಿತು. ಕೊನೆಗೆ 24,000. ದುಡ್ಡು ಮುಳುಗಲಿಲ್ಲ, ಆದರೆ ಇಂಡೆಕ್ಸಿಗಿಂತ 6,200 ಕಮ್ಮಿ.

ಈಗ ಹತ್ತನ್ನೂ ಸೇರಿಸಿ. ಸರಾಸರಿ 28,900. ವರ್ಷಕ್ಕೆ 11.2%. ಸರಾಸರಿ ಇಂಡೆಕ್ಸಿಗಿಂತ ಕೆಳಗೆ ಬಂತು. ಗೆದ್ದವು ಅದೇ ನಾಲ್ಕು. ಆದರೆ ಏಳರಲ್ಲಿ ನಾಲ್ಕಲ್ಲ, ಹತ್ತರಲ್ಲಿ ನಾಲ್ಕು. 57% ಇದ್ದದ್ದು 40% ಆಯಿತು. ಪಟ್ಟಿಯಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ಆದರೂ "ಗೆಲ್ಲೋ ಚಾನ್ಸೇ ಜಾಸ್ತಿ" ಅನ್ನೋದು "ಸೋಲೋ ಚಾನ್ಸೇ ಜಾಸ್ತಿ" ಆಯಿತು.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಮಕ್ಕಳೇ, ನಾನು ಇಷ್ಟೆಲ್ಲಾ ಲೆಕ್ಕ ನೋಡಿದವನಲ್ಲ. ಸರ್ವಿಸ್‌ನಲ್ಲಿದ್ದಾಗ 1986ರಲ್ಲಿ ಯುಟಿಐ ಮಾಸ್ಟರ್‌ಶೇರ್ ತಗೊಂಡೆ. ಮಾರಲೇ ಇಲ್ಲ. ಮಗಳ ಮದುವೆಗೆ ಅದೇ ಆಯ್ತು, ಇನ್ನೂ ಸ್ವಲ್ಪ ಉಳಿದಿದೆ. ಹಳೇ ಫಂಡ್ ಮುಚ್ಚಿಹೋಗುತ್ತೆ ಅಂತ ಭಯ ಬೇಡ. ಕೈಯಲ್ಲಿ ಹಿಡ್ಕೊಂಡು ಕೂತರೆ ಸಾಕು.

ಮಡಿಕೇರಿ ಲೆಕ್ಕದಕ್ಕ

ಸುಬೇದಾರ್ ಮಾವ, ನಿಮ್ಮ ತಾಳ್ಮೆಗೆ ನಮಸ್ಕಾರ. ಮಾಸ್ಟರ್‌ಶೇರ್ ಇವತ್ತಿಗೂ ಲಾರ್ಜ್ ಕ್ಯಾಪ್ ಫಂಡ್ ಆಗಿ ನಡೆಯುತ್ತಿದೆ, ಆ ಮಾತು ನಿಜ. ಆದರೆ ಇಲ್ಲಿನ ಪ್ರಶ್ನೆ ಮುಚ್ಚಿದರೆ ದುಡ್ಡು ಹೋಗುತ್ತಾ ಅಂತ ಅಲ್ಲ. ಆಗ ಬೇರೆ ಏನೇನೋ ಫಂಡ್ ತಗೊಂಡು ಅಷ್ಟೇ ತಾಳ್ಮೆಯಿಂದ ಕೂತವರೂ ಇದ್ದರು. ಅವರ ಫಂಡ್ ಇವತ್ತು ಇಲ್ಲದ ಕಾರಣ ಅವರ ಕಥೆಯೂ ನಮಗೆ ಕೇಳಿಸುವುದಿಲ್ಲ. ನಿಮ್ಮದನ್ನು ಮಾತ್ರ ಕೇಳಿ "ಹಳೇ ಫಂಡ್ ಅಂದ್ರೆ ಒಳ್ಳೇದು" ಅಂದುಕೊಂಡರೆ ತಪ್ಪಾಗುತ್ತದೆ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಅದೂ ಸರಿ. ನನ್ನ ಜೊತೆಯವರು ಒಬ್ಬೊಬ್ಬರು ಒಂದೊಂದು ತಗೊಂಡಿದ್ದರು. ಅವರಲ್ಲಿ ಕೆಲವರ ಸರ್ಟಿಫಿಕೇಟ್‌ಗಳು ಏನಾದವೋ.

ವಿರಾಜಪೇಟೆ ಹುಡುಗ

ಅಕ್ಕ, ಒಂದು ವಾದ ಇದೆ. ಸತ್ತ ಫಂಡನ್ನು ನಾನು ಇವತ್ತು ಕೊಳ್ಳೋಕೆ ಆಗಲ್ಲ. ಕೊಳ್ಳೋಕೆ ಆಗೋದು ಬದುಕಿರೋದನ್ನೇ. ಹಾಗಿದ್ದ ಮೇಲೆ ಸತ್ತದ್ದನ್ನು ಯಾಕೆ ಲೆಕ್ಕಕ್ಕೆ ತಗೋಬೇಕು?

ಇನ್ನೊಂದು, ವಿಲೀನ ಆದರೆ ಎರಡೂ ಫಂಡಿನ ಹಿಸ್ಟರಿ ಸೇರಿಸಿಯೇ ತೋರಿಸಬೇಕು ಅಂತ ನಿಯಮ ಇದೆಯಲ್ಲ?

ಮಡಿಕೇರಿ ಲೆಕ್ಕದಕ್ಕ

ಮೊದಲನೆಯದು ಒಳ್ಳೇ ಪ್ರಶ್ನೆ. ಹತ್ತು ವರ್ಷದ ಹಿಂದೆ ಆ ಹತ್ತು ಫಂಡೂ ಕೌಂಟರ್‌ನಲ್ಲಿ ಮಾರಾಟಕ್ಕಿದ್ದವು. ಆ ಮೂರು ಹೋಗುತ್ತವೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಇವತ್ತು ನಿಮ್ಮ ಮುಂದಿರುವ ಪಟ್ಟಿಯಲ್ಲೂ ಹಾಗೆ ಹೋಗುವಂಥವು ಇವೆ, ಯಾವುದು ಅಂತ ಗೊತ್ತಿಲ್ಲ. ಉಳಿದವುಗಳ ಸರಾಸರಿಯನ್ನು ನಂಬಿದರೆ, ಉಳಿಯುವುದು ಯಾವುದು ಅಂತ ಮೊದಲೇ ಗೊತ್ತಿದ್ದವನಿಗೆ ಸಿಗುವ ರಿಟರ್ನ್ ನಮಗೂ ಸಿಗುತ್ತದೆ ಅಂದುಕೊಂಡ ಹಾಗೆ.

ಹಾಗಂತ ಒಂದೊಂದು ಫಂಡಿನ ಸಾಲು ಸುಳ್ಳಲ್ಲ. ಒಂದು ಫಂಡ್ ಹತ್ತು ವರ್ಷದಲ್ಲಿ 13% ಕೊಟ್ಟಿದ್ದರೆ ಅದು ಕೊಟ್ಟಿದೆ. ತಪ್ಪು ಬರುವುದು ಸರಾಸರಿಯಲ್ಲಿ, ಎಷ್ಟು ಗೆದ್ದವು ಅನ್ನುವುದರಲ್ಲಿ, ಮತ್ತೆ ರ‍್ಯಾಂಕ್‌ನಲ್ಲಿ. ರ‍್ಯಾಂಕ್ ವಿಷಯದಲ್ಲಿ ತಪ್ಪು ಉಲ್ಟಾ ದಿಕ್ಕಿಗೆ ಹೋಗುತ್ತದೆ. ಏಳರಲ್ಲಿ ಐದನೆಯದು ಕೆಳಗಿನ ಅರ್ಧದಲ್ಲಿ ಇದ್ದ ಹಾಗೆ ಕಾಣುತ್ತದೆ. ಸತ್ತ ಮೂರನ್ನು ಕೆಳಗೆ ಸೇರಿಸಿದರೆ ಅದೇ ಫಂಡ್ ಹತ್ತರಲ್ಲಿ ಐದನೆಯದು, ಮೇಲಿನ ಅರ್ಧ.

ಎರಡನೆಯದು. 2018ರಲ್ಲಿ ಸೆಬಿ ನಿಯಮ ಮಾಡಿದ್ದು ನಿಜ, ಆದರೆ ಎಲ್ಲಾ ವಿಲೀನಕ್ಕೂ ಒಂದೇ ಉತ್ತರ ಇಲ್ಲ. ಎರಡೂ ಒಂದೇ ಥರದ ಫಂಡ್ ಆಗಿದ್ದು, ವಿಲೀನದ ಮೇಲೂ ಅದೇ ಥರ ಇದ್ದರೆ ಎರಡರ ತೂಕದ ಸರಾಸರಿ ತೋರಿಸಬೇಕು. ಬೇರೆ ಬೇರೆ ಥರದ್ದಾಗಿದ್ದರೆ, ಯಾವುದರ ಗುಣಲಕ್ಷಣ ಉಳಿಸಿಕೊಂಡರೋ ಅದರ ಹಿಸ್ಟರಿ ಮಾತ್ರ. ಪೂರ್ತಿ ಹೊಸ ಥರದ ಫಂಡ್ ಹುಟ್ಟಿದರೆ ಹಳೇ ಹಿಸ್ಟರಿ ಕೊಡಬೇಕಾಗಿಲ್ಲ. ಹಾಗಾಗಿ ಎಷ್ಟೋ ಕಡೆ ಕೆಟ್ಟ ಅರ್ಧದ ದಾಖಲೆ ಕಣ್ಣಿಗೆ ಬೀಳುವುದೇ ಇಲ್ಲ.

ವಿಲೀನಕ್ಕೆ ಮೊದಲು ಹೂಡಿಕೆದಾರರಿಗೆ ಪತ್ರ ಬರುತ್ತದೆ. ಕನಿಷ್ಠ 30 ದಿನ ಎಕ್ಸಿಟ್ ಲೋಡ್ ಅನ್ನುವ ಶುಲ್ಕ ಇಲ್ಲದೆ ಹೊರಗೆ ಬರಲು ಅವಕಾಶ ಇರುತ್ತದೆ. ಆ ಪತ್ರ ಬಂದರೆ ದಯವಿಟ್ಟು ಓದಿ.

ಶನಿವಾರಸಂತೆ ಟೀಚರ್

2020ರಲ್ಲಿ ಫ್ರಾಂಕ್ಲಿನ್‌ನವರು ಆರು ಫಂಡ್ ಒಮ್ಮೆಲೇ ಮುಚ್ಚಿದ್ದರಲ್ಲ, ಅದೂ ಇದೇನಾ? ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರ ದುಡ್ಡು ಸಿಕ್ಕಿಹಾಕಿಕೊಂಡಿತ್ತು. ಆಮೇಲೆ ಕಂತಿನಲ್ಲಿ ಬಂತು ಅಂದರು.

ಮಡಿಕೇರಿ ಲೆಕ್ಕದಕ್ಕ

ಹೌದು ಟೀಚರ್, 2020ರ ಏಪ್ರಿಲ್ 23. ಆರೂ ಸಾಲಪತ್ರದ ಫಂಡ್‌ಗಳು. ಅದು ವಿಲೀನ ಅಲ್ಲ, ಫಂಡನ್ನೇ ಮುಚ್ಚಿ ಹಣ ಹಂಚುವ ವೈಂಡಿಂಗ್ ಅಪ್. ಹಣ ಕಂತುಗಳಲ್ಲಿ ವಾಪಸ್ ಬಂತು. ಆದರೆ ಬೇಕಾದ ದಿನ ಸಿಗಲಿಲ್ಲ, ಕಾಯಬೇಕಾಯಿತು. ನಮ್ಮ ವಿಷಯಕ್ಕೆ ಬಂದರೆ, ಆ ಆರರಲ್ಲಿ ಒಂದು, ಕಡಿಮೆ ರೇಟಿಂಗಿನ ಸಾಲಪತ್ರ ಕೊಳ್ಳುವ ಕ್ರೆಡಿಟ್ ರಿಸ್ಕ್ ಫಂಡ್. ಇವತ್ತು ಕ್ರೆಡಿಟ್ ರಿಸ್ಕ್ ವರ್ಗದ ಪಟ್ಟಿ ತೆಗೆದರೆ ಅದು ಕಾಣುವುದಿಲ್ಲ. ಆ ವರ್ಗದಲ್ಲಿ ಆಗಬಹುದಾದ ತೊಂದರೆಗೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ಆದರೆ ಪಟ್ಟಿಯಲ್ಲಿ ಅದೇ ಇಲ್ಲ.

ನಾಪೋಕ್ಲು ತೋಟ

ಹಾಗಾದರೆ ನಾನೇ ಕೂತು ಸರಿಯಾದ ಲೆಕ್ಕ ಮಾಡಬಹುದಾ? ಹಳೇ ಪತ್ರಿಕೆ ಎಲ್ಲರ ಮನೆಯಲ್ಲಿ ಇರಲ್ಲ.

ಮಡಿಕೇರಿ ಲೆಕ್ಕದಕ್ಕ

ಮಾಡಬಹುದು, ಒಂದು ಮಳೆಗಾಲದ ಸಂಜೆ ಬೇಕು ಅಷ್ಟೆ. ಲಾರ್ಜ್ ಕ್ಯಾಪ್‌ನಿಂದ ಶುರು ಮಾಡಬೇಡಿ. 2018ಕ್ಕೆ ಮೊದಲು ಆ ವರ್ಗಕ್ಕೆ ಈಗಿನಂತೆ ಗಟ್ಟಿ ವ್ಯಾಖ್ಯೆ ಇರಲಿಲ್ಲ. ಫಂಡ್ ಕಂಪನಿಗಳ ಸಂಘವಾದ ಆಂಫಿಯ ದಾಖಲೆಯಲ್ಲಿ ಹೆಚ್ಚಿನ ಶೇರು ಫಂಡ್‌ಗಳೂ "ಗ್ರೋತ್" ಅನ್ನುವ ಒಂದೇ ತಲೆಬರಹದ ಕೆಳಗೆ ಇರುತ್ತಿದ್ದವು. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ತಗೊಳ್ಳಿ. ಅದು ಆಗಲೂ ಬೇರೆ ವರ್ಗ, ಈಗಲೂ ಬೇರೆ ವರ್ಗ, ಮೂರು ವರ್ಷದ ಲಾಕ್ ಕೂಡ ಅದೇ.

ಆಂಫಿ ವೆಬ್‌ಸೈಟಿನಲ್ಲಿ ಹಳೇ ಎನ್‌ಎವಿ ತೆಗೆಯುವ ಪುಟ ಇದೆ. ಹತ್ತು ವರ್ಷದ ಹಿಂದಿನ ಒಂದು ಕೆಲಸದ ದಿನ ಆರಿಸಿ, ಆ ದಿನದ ಎಲ್ಲಾ ಫಂಡ್‌ಗಳ ಎನ್‌ಎವಿ ಇಳಿಸಿಕೊಳ್ಳಿ. ಆ ದಿನ ಸತ್ತದ್ದು ಯಾವುದೂ ಇರಲಿಲ್ಲ, ಎಲ್ಲವೂ ಇರುತ್ತವೆ. ಒಂದೇ ಫಂಡ್ ನಾಲ್ಕಾರು ಸಾಲಿನಲ್ಲಿ ಬರುತ್ತದೆ. ರೆಗ್ಯುಲರ್, ಡೈರೆಕ್ಟ್, ಗ್ರೋತ್, ಡಿವಿಡೆಂಡ್ ಅಂತ. ಒಂದು ಫಂಡಿಗೆ ರೆಗ್ಯುಲರ್ ಗ್ರೋತ್ ಸಾಲು ಮಾತ್ರ ಇಟ್ಟುಕೊಳ್ಳಿ. ಡೈರೆಕ್ಟ್ ಪ್ಲಾನ್ ಶುರುವಾದದ್ದೇ 2013ರ ಜನವರಿಯಲ್ಲಿ, ಅದಕ್ಕಿಂತ ಹಿಂದಕ್ಕೆ ಹೋದರೆ ಅದು ಸಿಗುವುದಿಲ್ಲ. ಆಮೇಲೆ ಇವತ್ತಿನ ಎನ್‌ಎವಿ ಫೈಲ್ ಇಳಿಸಿಕೊಂಡು ಹೋಲಿಸಿ. ಹೆಸರಿನಿಂದ ಹೋಲಿಸಬೇಡಿ, ಸ್ಕೀಮ್ ಕೋಡ್‌ನಿಂದ ಹೋಲಿಸಿ. ಬರೀ ಹೆಸರು ಬದಲಾದದ್ದು ಆಗ ಸಿಕ್ಕಿಬಿಡುತ್ತದೆ. ಕೋಡ್ ಸಿಗದೇ ಹೋದದ್ದರ ಹೆಸರು ಹಾಕಿ ಹುಡುಕಿದರೆ ವಿಲೀನದ ನೋಟಿಸ್ ಸಾಮಾನ್ಯವಾಗಿ ಸಿಗುತ್ತದೆ.

ಇಷ್ಟು ಕಷ್ಟ ಬೇಡ ಅಂದರೆ ಎಸ್ ಅಂಡ್ ಪಿ ಡೌ ಜೋನ್ಸ್ ಇಂಡಿಸಸ್‌ನವರ ಸ್ಪೈವಾ ಇಂಡಿಯಾ ವರದಿ ನೋಡಿ. ಅವರು ಶುರುವಿನ ದಿನ ಇದ್ದ ಎಲ್ಲಾ ಫಂಡನ್ನೂ ಎಣಿಸುತ್ತಾರೆ. ಹತ್ತು ವರ್ಷದಲ್ಲಿ ಎಷ್ಟು ಉಳಿದವು ಅನ್ನುವುದಕ್ಕೆ ಬೇರೆ ಕೋಷ್ಟಕವೇ ಇರುತ್ತದೆ. ಅವರು ಇಂಡೆಕ್ಸ್ ಮಾಡಿ ವ್ಯವಹಾರ ಮಾಡುವವರು ಅನ್ನುವುದು ನೆನಪಿರಲಿ. ಆದರೂ ಎಣಿಸುವ ರೀತಿ ಸರಿಯಾಗಿದೆ.

ಸೋಮವಾರಪೇಟೆ ಅರೇಬಿಕಾ

ಬ್ಯಾಂಕಿನ ಪಟ್ಟಿಯಲ್ಲಿ ಐದು ವರ್ಷದ ಕಾಲಂ ಇದ್ದರೆ ಅದು ಯಾವ ದಿನದಿಂದ ಶುರು ಅಂತಾನೂ ನೋಡಿ. 2020ರ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಮುಗಿದಿತ್ತು. ಐದು ವರ್ಷದ ಮೇಲೆ 23,350ರ ಹತ್ತಿರ. ವರ್ಷಕ್ಕೆ 25%. ಅದೇ ಎರಡು ತಿಂಗಳು ಹಿಂದೆ, 2020ರ ಜನವರಿ ಮಧ್ಯದಿಂದ ಐದು ವರ್ಷ ಎಣಿಸಿ. 12,300ರಿಂದ 23,200. ವರ್ಷಕ್ಕೆ 13ರಿಂದ 14%. ಫಂಡ್ ಮ್ಯಾನೇಜರ್ ಏನೂ ಮಾಡಿಲ್ಲ, ಕ್ಯಾಲೆಂಡರ್ ಮಾಡಿದ್ದು. ಅದಕ್ಕೇ ನಾನು ಒಂದೇ ದಿನದ ಅಂಕಿ ನೋಡಲ್ಲ. ಪ್ರತಿ ತಿಂಗಳೂ ಶುರು ಮಾಡಿ ಐದೈದು ವರ್ಷ ಎಣಿಸಿದ ರೋಲಿಂಗ್ ರಿಟರ್ನ್ ನೋಡ್ತೀನಿ. ಅದನ್ನು ನೋಡಿದರೆ ಸಾಕು, ಸತ್ತ ಫಂಡ್ ಹುಡುಕೋ ಕಷ್ಟ ಬೇಕಾಗಿಲ್ಲ.

ಮಡಿಕೇರಿ ಲೆಕ್ಕದಕ್ಕ

ಮೊದಲರ್ಧ ಒಪ್ಪುತ್ತೇನೆ, ಕೊನೇ ಸಾಲು ಒಪ್ಪುವುದಿಲ್ಲ. ರೋಲಿಂಗ್ ರಿಟರ್ನ್ ಶುರುವಿನ ದಿನದ ಅದೃಷ್ಟವನ್ನು ತೆಗೆಯುತ್ತದೆ. ಆದರೆ ಉಳಿದ ಫಂಡ್‌ಗಳ ರೋಲಿಂಗ್ ರಿಟರ್ನ್ ನೋಡಿದರೆ ಅದೂ ಉಳಿದವುಗಳದ್ದೇ. ಇವೆರಡೂ ಬೇರೆ ಬೇರೆ ತಪ್ಪು, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನಾಪೋಕ್ಲು ಅಣ್ಣ, ಇಂಡೆಕ್ಸಿನ ಸಾಲಿನಲ್ಲಿ ಟಿಆರ್‌ಐ ಅಂತ ಇದೆಯಾ ನೋಡಿ. ಡಿವಿಡೆಂಡ್ ಸೇರಿಸಿದ ಇಂಡೆಕ್ಸ್ ಜೊತೆಗೇ ಹೋಲಿಸಬೇಕು ಅಂತ 2018ರ ಫೆಬ್ರವರಿಯಿಂದ ನಿಯಮ ಇದೆ. ಯಾರೋ ಎಕ್ಸೆಲ್‌ನಲ್ಲಿ ಮಾಡಿದ ಪಟ್ಟಿಯಾದರೆ ಬರೀ ಬೆಲೆಯ ಇಂಡೆಕ್ಸ್ ಹಾಕಿರಬಹುದು. ಆಗ ಗೆದ್ದವರ ಸಂಖ್ಯೆ ಇನ್ನೂ ಉಬ್ಬುತ್ತದೆ.

ನಾಪೋಕ್ಲು ತೋಟ

ಈಗಷ್ಟೇ ನೋಡಿದೆ. "ನಿಫ್ಟಿ 50" ಅಂತ ಮಾತ್ರ ಇದೆ, ಟಿಆರ್‌ಐ ಇಲ್ಲ. ಪಟ್ಟಿಯ ತಾರೀಕೂ ಇಲ್ಲ.

ಶನಿವಾರಸಂತೆ ಟೀಚರ್

ತಾರೀಕಿಲ್ಲದ ಪಟ್ಟಿಯನ್ನು ವಾಪಸ್ ಕೊಟ್ಟು ತಾರೀಕು ಹಾಕಿಸಿಕೊಂಡು ಬನ್ನಿ ಸರ್.

ವಿರಾಜಪೇಟೆ ಹುಡುಗ

ಅಕ್ಕ, ನಿಮ್ಮ ಹತ್ತು ಫಂಡಿನ ಲೆಕ್ಕದಲ್ಲಿ ಒಂದು ಕಡೆ ನನಗೆ ತಕರಾರಿದೆ. ವಿಲೀನ ಆದ ಮೇಲಿನ ಆರು ವರ್ಷಕ್ಕೆ ಹೊಸ ಫಂಡಿನ 12% ಹಾಕಿದ್ದೀರಿ. ಆದರೆ ಪತ್ರ ಬಂದಾಗ ಎಷ್ಟೋ ಜನ ಹೊರಗೆ ಬಂದು ಎಫ್‌ಡಿಗೆ ಹಾಕಿರ್ತಾರೆ. ಇನ್ನು ಕೆಲವರು ಇಂಡೆಕ್ಸ್ ಫಂಡಿಗೆ ಹೋಗಿರ್ತಾರೆ. ಯಾವುದನ್ನು ಹಾಕಬೇಕು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ ಅಲ್ವಾ?

ಮಡಿಕೇರಿ ಲೆಕ್ಕದಕ್ಕ

ಬದಲಾಗುತ್ತದೆ. ನಾನು ಹಾಕಿದ್ದು ಪತ್ರ ಓದದೆ ಸುಮ್ಮನೆ ಕೂತವರ ದಾರಿ, ಏಕೆಂದರೆ ನಾನು ಆಫೀಸಿನಲ್ಲಿ ನೋಡಿದ್ದು ಜಾಸ್ತಿ ಅಂಥವರನ್ನೇ. ಕೆಲವರು ಸತ್ತ ದಿನಕ್ಕೇ ಲೆಕ್ಕ ನಿಲ್ಲಿಸಿ, ಆ ನಾಲ್ಕು ವರ್ಷವನ್ನು ಅದೇ ನಾಲ್ಕು ವರ್ಷದ ಇಂಡೆಕ್ಸ್ ಜೊತೆ ಹೋಲಿಸುತ್ತಾರೆ. ಇನ್ನು ಕೆಲವರು ಉಳಿದ ಅವಧಿಗೆ ಇಂಡೆಕ್ಸ್ ರಿಟರ್ನನ್ನೇ ತುಂಬುತ್ತಾರೆ. ಇಂಡೆಕ್ಸ್ ತುಂಬಿದರೆ ನನ್ನ 24,000 ಸ್ವಲ್ಪ ಇಳಿದು 23,600 ಆಗುತ್ತದೆ, ಹತ್ತರ ಸರಾಸರಿ 28,800. ದೊಡ್ಡ ವ್ಯತ್ಯಾಸ ಇಲ್ಲ. ಎಫ್‌ಡಿ ಹಾಕಿದರೆ ಇನ್ನೂ ಕೆಳಗೆ. ಯಾವುದು ಸರಿ ಅಂತ ಒಂದೇ ಮಾತಿನಲ್ಲಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಹತ್ತರಲ್ಲಿ ನಾಲ್ಕು ಅನ್ನುವುದು ಮೂರೂ ರೀತಿಯಲ್ಲೂ ಹತ್ತರಲ್ಲಿ ನಾಲ್ಕೇ.

ಸೋಮವಾರಪೇಟೆ ಅರೇಬಿಕಾ

ನಾನಂತೂ ಸತ್ತ ದಿನಕ್ಕೆ ನಿಲ್ಲಿಸಿ ಹೋಲಿಸುವುದೇ ಸರಿ ಅಂತೀನಿ. ಆಮೇಲಿನದು ಬೇರೆ ಮ್ಯಾನೇಜರ್ ಕೆಲಸ, ಅದನ್ನು ಇವನ ತಲೆಗೆ ಕಟ್ಟಬಾರದು.

ನಾಪೋಕ್ಲು ತೋಟ

ನನಗೆ ಬೇಕಾಗಿದ್ದು ಸಿಕ್ಕಿತು. ನಾಳೆ ಬ್ಯಾಂಕಿಗೆ ಹೋಗಿ ಎರಡು ವಿಷಯ ಕೇಳುತ್ತೇನೆ: ಹತ್ತು ವರ್ಷದ ಹಿಂದೆ ಈ ವರ್ಗದಲ್ಲಿ ಎಷ್ಟು ಫಂಡ್ ಇದ್ದವು, ಮತ್ತೆ ಈ ಇಂಡೆಕ್ಸ್ ಸಾಲು ಟಿಆರ್‌ಐ ಹೌದೋ ಅಲ್ವೋ. ಇಎಲ್‌ಎಸ್‌ಎಸ್ ಪಟ್ಟಿ ಮಗಳ ಜೊತೆ ಕೂತು ಇಳಿಸುತ್ತೇನೆ. ಕೋಡ್ ಸಿಗದ ಫಂಡ್‌ಗಳ ಹೆಸರು ಇಲ್ಲೇ ಹಾಕ್ತೀನಿ, ಯಾರಿಗಾದರೂ ವಿಲೀನದ ನೋಟಿಸ್ ಸಿಕ್ಕರೆ ತಿಳಿಸಿ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಹೆಸರುಗಳು ಹಾಕಪ್ಪ. ನಮ್ಮ ಬೆಟಾಲಿಯನ್‌ನವರ ಹತ್ತಿರ ಹಳೇ ಕಾಗದ ಪತ್ರ ಇನ್ನೂ ಇರಬಹುದು, ಕೇಳಿ ನೋಡ್ತೀನಿ.